ಎಎಂಇ ಕೋರ್ಸ್ ಮುಗಿಸಿದ ಪ್ರಮಾಣಪತ್ರ ಮತ್ತು ಡಿಜಿಸಿಎ ಲೈಸೆನ್ಸ್: ಶುಲ್ಕ ಕಟ್ಟುವ ಮೊದಲು ಏನನ್ನು ನೋಡಬೇಕು?

ಹಿಪ್ಪುನೇರಳೆ_ತೋಟ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ಮಗ ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಪಾಸಾಗಿದ್ದಾನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇವೆ. ಪೈಲಟ್ ತರಬೇತಿಯ ಖರ್ಚು ನಮ್ಮ ಮನೆಯ ಅಳವಿನಲ್ಲಿಲ್ಲ ಎಂಬುದು ಅವನಿಗೂ ಗೊತ್ತು. ಆದರೆ ದೇವನಹಳ್ಳಿಯ ವಿಮಾನ ನಿಲ್ದಾಣ ನಮ್ಮೂರಿನಿಂದ ಹತ್ತಿರದಲ್ಲೇ ಇರುವುದರಿಂದ, ವಿಮಾನಗಳನ್ನು ರಿಪೇರಿ ಮಾಡುವ ಎಎಂಇ ಕೋರ್ಸ್ ಸೇರುತ್ತೇನೆಂದು ಹಟ ಹಿಡಿದಿದ್ದಾನೆ. ಅವನ ಕಾಲೇಜಿಗೆ ಬೆಂಗಳೂರಿನ ಒಂದು ಸಂಸ್ಥೆಯವರು ಬಂದು ವಿವರಿಸಿ ಹೋದರಂತೆ. ಎರಡು ವರ್ಷದ ಕೋರ್ಸ್, ನಾಗರಿಕ ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎಯ ಅನುಮೋದನೆ ಇದೆ, ಕೋರ್ಸ್ ಮುಗಿಯುತ್ತಿದ್ದಂತೆ ಏರ್‌ಪೋರ್ಟಿನಲ್ಲಿ ಕೆಲಸ ಎಂದು ಹೇಳಿದ್ದಾರೆ. ಶುಲ್ಕವನ್ನು ಮೂರು ಕಂತಿನಲ್ಲಿ ಕಟ್ಟಬಹುದು, ಮೊದಲ ಕಂತಿಗೆ ಈ ತಿಂಗಳ ಕೊನೆಯವರೆಗೆ ಗಡುವು.

ಮೊದಲ ಕಂತನ್ನು ಗೂಡು ಮಾರಿದ ಹಣದಿಂದ ಹೊಂದಿಸಬಹುದು. ಉಳಿದ ಎರಡಕ್ಕೆ ಸೊಸೈಟಿಯಲ್ಲಿ ಸಾಲ ಮಾಡಬೇಕು. ಅದಕ್ಕೇ ಕೇಳುತ್ತಿದ್ದೇನೆ: ಕೋರ್ಸ್ ಮುಗಿಸಿದರೆ ಲೈಸೆನ್ಸ್ ಬಂದಂತೆಯೇ? ನಮ್ಮ ಭಾವನವರು ಏರೋನಾಟಿಕಲ್ ಬಿ.ಇ. ಮಾಡಿಸಿದರೂ ಇದೇ ಕೆಲಸ ಸಿಗುತ್ತದೆ ಎನ್ನುತ್ತಾರೆ. ಅದು ನಿಜವೇ? ಬಿ1, ಬಿ2 ಎಂದು ಎರಡು ಬಗೆ ಇದೆಯಂತೆ, ಯಾವುದನ್ನು ಆರಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಲೇತ್_ಗುಬ್ಬಿ (ತುಮಕೂರು)

ಅಣ್ಣ, ಇದಕ್ಕೆ ಅಷ್ಟೊಂದು ದುಡ್ಡು ಸುರಿಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಬಿಡಿಭಾಗ ತಯಾರಿಸುವ ವರ್ಕ್‌ಶಾಪಿನಲ್ಲಿ ಇದ್ದೇನೆ. ಡಿಜಿಸಿಎ ಪರೀಕ್ಷೆ ಬರೆಯಲು ಎಎಂಇ ಕಾಲೇಜಿಗೇ ಹೋಗಬೇಕೆಂದಿಲ್ಲ, ಹೊರಗಿನಿಂದಲೂ ಬರೆಯಬಹುದು. ಪುಸ್ತಕ ಕೊಂಡು ಓದಿ ಮಾಡ್ಯೂಲ್‌ಗಳನ್ನು ಪಾಸು ಮಾಡಿಕೊಂಡರೆ ಲೈಸೆನ್ಸ್ ಕೈಗೆ ಬಂದ ಹಾಗೆಯೇ. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತಲ್ಲ, ಅಂಥ ಕಡೆ ಅಪ್ರೆಂಟಿಸ್ ಆಗಿ ಸೇರಿಕೊಂಡರೆ ಅನುಭವವೂ ಆಗುತ್ತದೆ, ಸ್ಟೈಪೆಂಡೂ ಬರುತ್ತದೆ, ಆ ಅನುಭವವನ್ನೇ ಲೈಸೆನ್ಸಿಗೆ ತೋರಿಸಬಹುದು. ನನ್ನ ಸ್ನೇಹಿತರಿಬ್ಬರು ಇದೇ ಲೆಕ್ಕದಲ್ಲಿದ್ದಾರೆ.

ರಾತ್ರಿಪಾಳಿ_ಬಿ1 (ದೇವನಹಳ್ಳಿ, ಊರು ಚಿಂತಾಮಣಿ)

ನಾನು ಬಿ1.1 ಲೈಸೆನ್ಸ್ ಹೊಂದಿರುವ ಎಂಜಿನಿಯರ್. ಎ320 ವಿಮಾನಗಳ ಲೈನ್ ಮೇಂಟೆನೆನ್ಸ್‌ನಲ್ಲಿ, ಅಂದರೆ ವಿಮಾನ ಬಂದು ನಿಂತ ಜಾಗದಲ್ಲೇ ತಪಾಸಣೆ ಮಾಡಿ ಮತ್ತೆ ಹಾರಲು ಬಿಡುವ ಕೆಲಸದಲ್ಲಿ, ಬಹಳ ವರ್ಷಗಳಿಂದ ಇದ್ದೇನೆ. ಗುಬ್ಬಿಯವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಉಳಿದರ್ಧವನ್ನು ನಂಬಿದರೆ ಹುಡುಗನ ವರ್ಷಗಳು ಹಾಳಾಗುತ್ತವೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಲೈಸೆನ್ಸ್ ಕೊಡುವುದು ಡಿಜಿಸಿಎ, ಅದರ ನಿಯಮ ಸಿಎಆರ್-66. ಕಾಲೇಜು ಕೊಡುವುದು ಕೋರ್ಸ್ ಮುಗಿಸಿದ ಪ್ರಮಾಣಪತ್ರ ಮಾತ್ರ. ಆ ಕಾಲೇಜು ಹೇಗಿರಬೇಕೆಂದು ಹೇಳುವ ನಿಯಮವೇ ಬೇರೆ, ಅದು ಸಿಎಆರ್-147. ಲೈಸೆನ್ಸಿಗೆ ಎರಡು ವಿಷಯಗಳು ಬೇಕು. ಡಿಜಿಸಿಎ ತಾನೇ ನಡೆಸುವ ಮಾಡ್ಯೂಲ್ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರಬೇಕು, ಹಾಗೂ ಹಾರಾಟದಲ್ಲಿರುವ ವಿಮಾನಗಳ ಮೇಲೆ ನಿಗದಿತ ಅವಧಿಯಷ್ಟು ನಿರ್ವಹಣೆಯ ಅನುಭವ ಇರಬೇಕು. ಕಾಲೇಜಿನ ಒಳಪರೀಕ್ಷೆಯಲ್ಲಿ ಶೇಕಡಾ 90 ತೆಗೆದಿದ್ದರೂ ಡಿಜಿಸಿಎ ಪರೀಕ್ಷೆಯನ್ನು ಬೇರೆಯಾಗಿ ಬರೆಯಲೇಬೇಕು. ಟರ್ಬೈನ್ ಎಂಜಿನ್ನಿನ ವಿಮಾನಗಳ ಬಿ1.1ಕ್ಕೆ ಒಟ್ಟು 13 ಮಾಡ್ಯೂಲ್‌ಗಳಿವೆ. ಗಣಿತ, ಭೌತಶಾಸ್ತ್ರದಿಂದ ಶುರುವಾಗಿ ವಿಮಾನದ ವ್ಯವಸ್ಥೆಗಳು, ಗ್ಯಾಸ್ ಟರ್ಬೈನ್ ಎಂಜಿನ್, ಪ್ರೊಪೆಲ್ಲರ್‌ವರೆಗೆ ಹೋಗುತ್ತವೆ. ಪ್ರತಿಯೊಂದರಲ್ಲೂ ನೂರಕ್ಕೆ 75 ಬರಲೇಬೇಕು. ಪಿಯುಸಿಯಲ್ಲಿ ಕಡಿಮೆ ಅಂಕಕ್ಕೇ ಪಾಸಾಗುವ ಅಭ್ಯಾಸದ ಮಕ್ಕಳು ಮೊದಲು ಎಡವುವುದು ಇಲ್ಲೇ. 74 ಬಂದರೆ ಅದು ಫೇಲು, ಕೃಪಾಂಕ ಎಂಬುದಿಲ್ಲ.

ಈಗ ಅನುಭವದ ಮಾತು. ಸಿಎಆರ್-147 ಅನುಮೋದಿತ ಕೋರ್ಸ್ ಮುಗಿಸಿದವರಿಗೆ ಬಿ1.1 ಅಥವಾ ವಿಮಾನದ ಎಲೆಕ್ಟ್ರಾನಿಕ್ಸ್ ಕಡೆಯ ಬಿ2ಕ್ಕೆ ಎರಡು ವರ್ಷದ ಅನುಭವ ಸಾಕು. ಸಂಬಂಧಪಟ್ಟ ತಾಂತ್ರಿಕ ಕಸುಬಿನಲ್ಲಿ ತರಬೇತಿ ಪಡೆದವರೆಂದು ಒಪ್ಪಿಗೆಯಾದರೆ ಮೂರು ವರ್ಷ. ಅದೂ ಇಲ್ಲದವರಿಗೆ ಐದು ವರ್ಷ. ಗುಬ್ಬಿಯವರು ಹೇಳುವಂತೆ ಕಾಲೇಜಿಗೆ ಹೋಗದೆಯೂ ಲೈಸೆನ್ಸ್ ಪಡೆಯಲು ದಾರಿ ಇರುವುದು ನಿಜ. ಆದರೆ ಕೋರ್ಸ್ ಇಲ್ಲದ, ಲೈಸೆನ್ಸೂ ಇಲ್ಲದ ಹುಡುಗನನ್ನು ಐದು ವರ್ಷ ವಿಮಾನದ ಮೇಲೆ ಕೆಲಸಕ್ಕೆ ಬಿಟ್ಟುಕೊಳ್ಳುವವರು ಯಾರು ಎಂಬುದೇ ಅಲ್ಲಿನ ತೊಡಕು.

ಕಾರ್ಖಾನೆಯ ವಿಷಯದಲ್ಲಂತೂ ಅವರ ಲೆಕ್ಕ ತಪ್ಪಿದೆ. ಹೊಸ ಹೆಲಿಕಾಪ್ಟರ್ ಜೋಡಿಸುವುದು ತಯಾರಿಕೆ. ಲೈಸೆನ್ಸಿಗೆ ಬೇಕಾಗಿರುವುದು ನಿರ್ವಹಣೆ, ಅದೂ ಹಾರಾಟದಲ್ಲಿರುವ ನಾಗರಿಕ ವಿಮಾನದ್ದು. ಮೇಲಾಗಿ ಬೇಕಾದ ಅನುಭವದಲ್ಲಿ ಕನಿಷ್ಠ ಒಂದು ವರ್ಷವಾದರೂ ತೀರಾ ಇತ್ತೀಚಿನದಾಗಿರಬೇಕು, ಯಾವ ಉಪವರ್ಗಕ್ಕೆ ಅರ್ಜಿ ಹಾಕುತ್ತೇವೆಯೋ ಅದರದೇ ಆಗಿರಬೇಕು. ಎಚ್‌ಎಎಲ್ ಕೆಲಸ ಒಳ್ಳೆಯ ಕೆಲಸವೇ, ಆದರೆ ಅದು ಬೇರೆ ದಾರಿ.

ಏರೋನಾಟಿಕಲ್ ಬಿ.ಇ. ಕೂಡ ಬೇರೆ ದಾರಿಯೇ. ಅಲ್ಲಿ ವಿನ್ಯಾಸ ಮತ್ತು ವಿಶ್ಲೇಷಣೆಯನ್ನು ಕಲಿಸುತ್ತಾರೆ. ಆ ಪದವಿಯ ಬಲದ ಮೇಲೆ ವಿಮಾನವನ್ನು ಹಾರಾಟಕ್ಕೆ ಬಿಟ್ಟುಕೊಡುವ ಸಹಿ ಹಾಕುವಂತಿಲ್ಲ.

ಲೇತ್_ಗುಬ್ಬಿ (ತುಮಕೂರು)

ಸರ್, ತಯಾರಿಕೆಯೂ ವಿಮಾನದ ಕೆಲಸವೇ ತಾನೆ? ರಿವೆಟ್ ಹೊಡೆಯುವುದು, ಟಾರ್ಕ್ ಕೊಡುವುದು, ಲಾಕ್‌ವೈರ್ ಕಟ್ಟುವುದು ಎರಡು ಕಡೆಯೂ ಒಂದೇ. ಅದನ್ನು ಪೂರ್ತಿ ಸೊನ್ನೆ ಎಂದು ಎಣಿಸುವುದು ನ್ಯಾಯವಲ್ಲ ಎನಿಸುತ್ತದೆ.

ರಾತ್ರಿಪಾಳಿ_ಬಿ1 (ದೇವನಹಳ್ಳಿ, ಊರು ಚಿಂತಾಮಣಿ)

ಕೈಚಳಕ ಒಂದೇ, ಒಪ್ಪುತ್ತೇನೆ. ಬೇರೆಯಾಗುವುದು ತೀರ್ಮಾನ. ಒಂದು ಉದಾಹರಣೆ ಹೇಳುತ್ತೇನೆ. ರಾತ್ರಿ ಬಂದು ನಿಂತ ವಿಮಾನದ ಚಕ್ರದ ಬಳಿ ಟಾರ್ಚ್ ಹಿಡಿದು ಕುಳಿತು ಬ್ರೇಕಿನ ಸವೆತ ತೋರಿಸುವ ಪಿನ್ನನ್ನು ನೋಡುತ್ತೇವೆ. ಕಿರುಬೆರಳಿಗಿಂತ ತೆಳ್ಳಗಿನ ಕಡ್ಡಿ ಅದು. ಪಾರ್ಕಿಂಗ್ ಬ್ರೇಕ್ ಹಾಕಿರುವಾಗಲೇ ನೋಡಬೇಕು. ಬ್ರೇಕ್ ಬಿಟ್ಟಿದ್ದರೆ ಒಳಗಿನ ಬಿಲ್ಲೆಗಳು ಸಡಿಲವಾಗಿ ಪಿನ್ ಇರುವುದಕ್ಕಿಂತ ಹೆಚ್ಚು ಉದ್ದವಾಗಿ ಕಾಣುತ್ತದೆ. ಪಿನ್ನಿನ ತುದಿ ಅದು ಹೊರಬರುವ ತೂತಿನ ಅಂಚಿಗೆ ಸಮವಾಗಿಬಿಟ್ಟಿದ್ದರೆ ಬ್ರೇಕ್ ಬದಲಿಸಬೇಕು. ಸ್ವಲ್ಪ ಉಳಿದಿದೆ ಎನ್ನಿ, ಮುಂದಿನ ತಪಾಸಣೆಯ ಹೊತ್ತಿಗೆ ಈ ವಿಮಾನ ಇನ್ನೆಷ್ಟು ಸಲ ಇಳಿಯಲಿದೆ, ಬದಲಿ ಬ್ರೇಕ್ ಇರುವ ಊರಿನಲ್ಲಿ ಅದು ಯಾವಾಗ ರಾತ್ರಿ ನಿಲ್ಲುತ್ತದೆ ಎಂದು ಯೋಚಿಸಿ ಇವತ್ತೇ ಬದಲಿಸಬೇಕೋ ಬೇಡವೋ ಎಂದು ನಿರ್ಧರಿಸಬೇಕಾಗುತ್ತದೆ. ಆಮೇಲೆ ವಿಮಾನದ ದಾಖಲೆ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಸಹಿ. ಹೊಸ ಬ್ರೇಕನ್ನು ಹೊಸ ವಿಮಾನಕ್ಕೆ ಕೂರಿಸುವವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಅನುಭವ ಎಂದು ನಿಯಮ ಕೇಳುವುದು ಇದನ್ನು.

ಕೋಲಾರಮ್ಮನ_ಕೃಪೆ (ಕೋಲಾರ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ, ವಿಷಯಗಳು ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ. ಅವಳಿಗೆ ಟವರಿನಲ್ಲಿ ಕುಳಿತು ವಿಮಾನಗಳಿಗೆ ದಾರಿ ಹೇಳುವ ಕೆಲಸ ಮಾಡಬೇಕೆಂಬ ಆಸೆ. ಇಲ್ಲಿ ಹೇಳುತ್ತಿರುವ ಮಾಡ್ಯೂಲ್‌ಗಳನ್ನು ಪಾಸು ಮಾಡಿದರೆ ಆ ಕೆಲಸಕ್ಕೆ ಅರ್ಜಿ ಹಾಕಬಹುದೇ? ಅದು ಆಗದಿದ್ದರೆ ಗಗನಸಖಿ ತರಬೇತಿಗೆ ಸೇರಿಸೋಣವೇ ಎಂದು ಯೋಚಿಸುತ್ತಿದ್ದೇವೆ. ಇಲ್ಲಿ ಒಂದು ಸಂಸ್ಥೆಯವರು ಒಂದು ವರ್ಷದ ಡಿಪ್ಲೊಮಾ ಇದೆ ಎಂದಿದ್ದಾರೆ.

ಮಾಲೂರು_ತರಂಗ (ಮಾಲೂರು)

ಅಮ್ಮ, ನಾನು ಎಟಿಸಿಯಲ್ಲಿದ್ದೇನೆ. ಈ ಮಾಡ್ಯೂಲ್‌ಗಳಿಗೂ ನಮ್ಮ ಕೆಲಸಕ್ಕೂ ಸಂಬಂಧವಿಲ್ಲ. ನಮ್ಮನ್ನು ತೆಗೆದುಕೊಳ್ಳುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಬೆಂಗಳೂರಿನ ನಿಲ್ದಾಣವನ್ನು ನಡೆಸುವ ಕಂಪನಿ ಬೇರೆಯಾದರೂ ಅಲ್ಲಿಯ ಎಟಿಸಿ ಪ್ರಾಧಿಕಾರದ್ದೇ. ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆಗೆ ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರುವ ಬಿ.ಎಸ್ಸಿ. ಬೇಕು, ಇಲ್ಲವೇ ಆ ಎರಡು ವಿಷಯಗಳನ್ನು ಯಾವುದಾದರೊಂದು ಸೆಮಿಸ್ಟರಿನಲ್ಲಿ ಓದಿರುವ ಎಂಜಿನಿಯರಿಂಗ್ ಪದವಿ ಬೇಕು. ಹೀಗಾಗಿ ನಿಮ್ಮ ಮಗಳ ಈಗಿನ ವಿಷಯಗಳಿಂದ ಅರ್ಜಿ ಹಾಕಲು ಆಗುವುದಿಲ್ಲ. ಸಾಮಾನ್ಯ ವರ್ಗಕ್ಕೆ ವಯೋಮಿತಿ 27. ಲಿಖಿತ ಪರೀಕ್ಷೆಯ ನಂತರ ಧ್ವನಿ ಪರೀಕ್ಷೆ ಇರುತ್ತದೆ, ರೇಡಿಯೊದಲ್ಲಿ ಇಂಗ್ಲಿಷನ್ನು ತಡವರಿಸದೆ, ಸ್ಪಷ್ಟವಾಗಿ ಆಡಬಲ್ಲರೇ ಎಂದು ನೋಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಗಣಿತಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಅದೇ. ಆಯ್ಕೆಯಾದವರನ್ನು ಪ್ರಯಾಗರಾಜ್, ಹೈದರಾಬಾದ್ ಅಥವಾ ಗೊಂದಿಯಾದಲ್ಲಿ ತರಬೇತಿ ಕೊಟ್ಟು ದೇಶದ ಯಾವ ಮೂಲೆಗೆ ಬೇಕಾದರೂ ಹಾಕುತ್ತಾರೆ.

ಕ್ಯಾಬಿನ್ ಸಿಬ್ಬಂದಿಯ ಬಗ್ಗೆ ಒಂದೇ ಮಾತು: ವಿಮಾನಯಾನ ಸಂಸ್ಥೆಗಳು ಪಿಯುಸಿ ಮುಗಿಸಿದವರನ್ನು ನೇರವಾಗಿ ಸಂದರ್ಶನ ಮಾಡಿ ತೆಗೆದುಕೊಂಡು, ಸುರಕ್ಷತಾ ತರಬೇತಿಯನ್ನು ತಾವೇ ಕೊಡುತ್ತವೆ. ಹೊರಗಿನ ಡಿಪ್ಲೊಮಾ ಮಾತನಾಡುವ ರೀತಿಯನ್ನು ತಿದ್ದಬಹುದು, ಆದರೆ ಕೆಲಸಕ್ಕೆ ಅದೇನೂ ಕಡ್ಡಾಯವಲ್ಲ.

ಕೋಲಾರಮ್ಮನ_ಕೃಪೆ (ಕೋಲಾರ)

ತುಂಬಾ ಉಪಕಾರವಾಯಿತಪ್ಪ. ಮಗಳಿಗೆ ತೋರಿಸುತ್ತೇನೆ. ಎಟಿಸಿಯ ವಿಷಯದಲ್ಲಿ ಅವಳಿಗೆ ಬೇಸರವಾಗಬಹುದು.

ಹಿಪ್ಪುನೇರಳೆ_ತೋಟ (ಶಿಡ್ಲಘಟ್ಟ)

ಮೂಲ ಪ್ರಶ್ನೆಗೆ ಮರಳುತ್ತೇನೆ. ರಾತ್ರಿಪಾಳಿ ಸರ್ ಬರೆದದ್ದನ್ನು ಓದಿ ನಾನೂ ಹುಡುಗನೂ ಆ ಸಂಸ್ಥೆಗೇ ಹೋಗಿ ಬಂದೆವು. ಮೂರು ಸಂಗತಿಗಳು ನನ್ನ ಕಣ್ಣಿಗೆ ಬಿದ್ದವು. ಡಿಜಿಸಿಎ ಅನುಮೋದನಾ ಪತ್ರ ತೋರಿಸಿ ಎಂದೆ. ಗೋಡೆಗೆ ಚೌಕಟ್ಟು ಹಾಕಿ ತೂಗುಬಿಟ್ಟಿದ್ದ ಪತ್ರವನ್ನು ತೋರಿಸಿದರು. ಅದರ ಜೊತೆಗಿದ್ದ ಪಟ್ಟಿಯಲ್ಲಿ ಬಿ2 ಎಂದು ಮಾತ್ರ ಇತ್ತು. ಕರಪತ್ರದಲ್ಲಿ ಬಿ1.1 ಮತ್ತು ಬಿ2 ಎಂದು ಅಚ್ಚು ಹಾಕಿದ್ದಾರೆ. ಕೇಳಿದರೆ, ಬಿ1.1 ಅನುಮೋದನೆ ಬರುವುದರಲ್ಲಿದೆ, ನಿಮ್ಮ ಹುಡುಗ ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಆಗಿರುತ್ತದೆ ಎಂದರು. ಎರಡನೆಯದು, ಹಿಂದಿನ ಶೆಡ್ಡಿನಲ್ಲಿ ರೆಕ್ಕೆ ಬಿಚ್ಚಿಟ್ಟ ಒಂದು ಸಣ್ಣ ಹಳೆಯ ವಿಮಾನವಿದೆ, ಪ್ರಾಯೋಗಿಕ ತರಬೇತಿ ಅದರ ಮೇಲೆಯಂತೆ. ಮೂರನೆಯದು, ನಿಜವಾದ ಹ್ಯಾಂಗರಿನಲ್ಲಿ ತರಬೇತಿ ಎಲ್ಲಿ ಎಂದು ಕೇಳಿದಾಗ ‘ಟೈ-ಅಪ್ ಇದೆ’ ಎಂದರೇ ಹೊರತು ಯಾರ ಜೊತೆ ಎಂದು ಹೇಳಲಿಲ್ಲ.

ರಾತ್ರಿಪಾಳಿ_ಬಿ1 (ದೇವನಹಳ್ಳಿ, ಊರು ಚಿಂತಾಮಣಿ)

ನೀವು ಹೋಗಿ ನೋಡಿದ್ದು ಬಹಳ ಒಳ್ಳೆಯದಾಯಿತು. ಪತ್ರದ ಜೊತೆಗಿನ ಆ ಪಟ್ಟಿಯೇ ಮುಖ್ಯ. ‘ಡಿಜಿಸಿಎ ಅನುಮೋದಿತ’ ಎಂಬ ಮಾತು ಸುಳ್ಳಲ್ಲ, ಆದರೆ ಅನುಮೋದನೆ ಇರುವುದು ಬಿ2ಕ್ಕೆ. ಅಲ್ಲಿ ಕಲಿತು ಬಿ1.1ಕ್ಕೆ ಅರ್ಜಿ ಹಾಕಿದರೆ, ಅನುಮೋದಿತ ಕೋರ್ಸ್ ಮಾಡಿದವರಿಗೆ ಸಿಗುವ, ಎರಡು ವರ್ಷದ ಅನುಭವ ಸಾಕೆಂಬ ರಿಯಾಯಿತಿ ಹುಡುಗನಿಗೆ ಸಿಗುವುದಿಲ್ಲ. ಐದು ವರ್ಷದವರ ಸಾಲಿಗೆ ಹೋಗಿ ನಿಲ್ಲಬೇಕಾಗುತ್ತದೆ. ಬರಲಿರುವ ಅನುಮೋದನೆಯನ್ನು ನಂಬಿ ಶುಲ್ಕ ಕಟ್ಟಬೇಡಿ. ಅನುಮೋದಿತ ಸಂಸ್ಥೆಗಳ ಪಟ್ಟಿಯನ್ನು ಡಿಜಿಸಿಎ ತನ್ನ ಜಾಲತಾಣದಲ್ಲೇ ಹಾಕಿದೆ, ಅದರಲ್ಲಿ ಸಂಸ್ಥೆಯ ಹೆಸರು ನೋಡಿ, ಪತ್ರದಲ್ಲಿರುವ ವರ್ಗವನ್ನೂ ಅನುಮೋದನೆ ಮುಗಿಯುವ ದಿನಾಂಕವನ್ನೂ ಅದಕ್ಕೆ ತಾಳೆ ಹಾಕಿಕೊಳ್ಳಿ.

ಶೆಡ್ಡಿನ ಹಳೆಯ ವಿಮಾನವನ್ನು ನೋಡಿ ಹೆದರಬೇಡಿ. ಶುರುವಿನಲ್ಲಿ ಎಲ್ಲರೂ ಕಲಿಯುವುದು ಅಂಥದ್ದರ ಮೇಲೆಯೇ. ಆದರೆ ಅದರ ಮೇಲೆ ಕಲಿತದ್ದು ನಾನು ಹೇಳಿದ ಎರಡು ವರ್ಷದ ಅನುಭವಕ್ಕೆ ಸೇರುವುದಿಲ್ಲ. ಅನುಭವವೆಲ್ಲ ಸಿಎಆರ್-145 ಅನುಮೋದನೆ ಇರುವ ನಿರ್ವಹಣಾ ಸಂಸ್ಥೆಯಲ್ಲಿ, ಲೈಸೆನ್ಸ್ ಇರುವವರ ಕಣ್ಗಾವಲಿನಲ್ಲಿ ಆಗಬೇಕು.

ಹುಡುಗನ ಲೆಕ್ಕವನ್ನೇ ಹಾಕಿ ತೋರಿಸುತ್ತೇನೆ. ಈ ವರ್ಷ ಸರಿಯಾದ ಬಿ1.1 ಕೋರ್ಸಿಗೆ ಸೇರಿದನೆಂದುಕೊಳ್ಳಿ. ಕೋರ್ಸ್ 2400 ಗಂಟೆಗಳದು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ತರಗತಿ, ಅರ್ಧ ಪ್ರಾಯೋಗಿಕ. ಎಲ್ಲ ಸುಸೂತ್ರವಾಗಿ ನಡೆದರೆ ಎರಡು ವರ್ಷ, ಅಷ್ಟರೊಳಗೆ ಏಳೆಂಟು ಮಾಡ್ಯೂಲ್ ಪಾಸಾಗಿದ್ದರೂ ಸಂತೋಷವೇ. ಆಮೇಲೆ ಯಾವುದಾದರೂ ಸಿಎಆರ್-145 ಸಂಸ್ಥೆಯಲ್ಲಿ ಟ್ರೇನಿ ಅಥವಾ ಟೆಕ್ನಿಷಿಯನ್ ಆಗಿ ಸೇರಬೇಕು. ಅಲ್ಲಿ ಎರಡು ವರ್ಷ ಕಳೆಯುತ್ತಲೇ ಉಳಿದ ಮಾಡ್ಯೂಲ್‌ಗಳನ್ನು ರಾತ್ರಿಪಾಳಿಯ ನಡುವೆ ಓದಿ ಮುಗಿಸಬೇಕು. ಒಟ್ಟು ನಾಲ್ಕು ವರ್ಷಕ್ಕೆ ಲೈಸೆನ್ಸ್ ಬಂದರೆ ಅದು ಒಳ್ಳೆಯ ವೇಗ. ಆ ಲೈಸೆನ್ಸಿನಲ್ಲಿ ಇನ್ನೂ ಯಾವ ವಿಮಾನದ ಹೆಸರೂ ಇರುವುದಿಲ್ಲ. ಎ320ಯಂಥ ವಿಮಾನಕ್ಕೆ ಸಹಿ ಹಾಕಬೇಕಾದರೆ ಆ ವಿಮಾನ ಮತ್ತು ಅದರ ಎಂಜಿನ್ನಿನ ಟೈಪ್ ಕೋರ್ಸ್ ಮಾಡಬೇಕು, ಮೊದಲ ಟೈಪ್ ಆದ್ದರಿಂದ ಕೆಲಸದ ಮೇಲಿನ ತರಬೇತಿಯನ್ನೂ ಮುಗಿಸಬೇಕು, ಅದನ್ನು ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು. ಕೊನೆಗೆ ಕಂಪನಿಯೂ ತನ್ನ ಕಡೆಯಿಂದ ಅಧಿಕಾರಪತ್ರ ಕೊಡಬೇಕು. ದೊಡ್ಡ ಸಂಬಳದ ಮಾತು ಶುರುವಾಗುವುದು ಆ ಸಹಿಯಿಂದ. ಟೈಪ್ ಕೋರ್ಸಿನ ಖರ್ಚನ್ನು ಕೆಲವು ಕಂಪನಿಗಳು ಬಾಂಡ್ ಬರೆಸಿಕೊಂಡು ತಾವೇ ಭರಿಸುತ್ತವೆ, ಕೆಲವರು ಕೈಯಿಂದ ಹಾಕುತ್ತಾರೆ. ಹಾಗಾಗಿ ಸೊಸೈಟಿ ಸಾಲದ ಕಂತನ್ನು ಎರಡು ವರ್ಷಕ್ಕೇ ಹುಡುಗನ ಸಂಬಳದಿಂದ ಕಟ್ಟಬಹುದೆಂದು ಅಂದುಕೊಂಡಿದ್ದರೆ ಅದನ್ನು ಬದಲಿಸಿಕೊಳ್ಳಿ.

ಬಾಗೇಪಲ್ಲಿ_ಹುಡುಗ (ಬಾಗೇಪಲ್ಲಿ)

ಇಲ್ಲಿ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಸರ್ ಹೇಳಿದ ದಾರಿಯ ಮಧ್ಯದಲ್ಲಿ ಸಿಕ್ಕಿಕೊಂಡಿರುವವನು ನಾನು. ಕೋರ್ಸ್ ಮುಗಿದಿದೆ, ಪ್ರಮಾಣಪತ್ರ ಇದೆ, ಎಂಟು ಮಾಡ್ಯೂಲ್ ಆಗಿದೆ. ಆದರೆ 7ನೇ ಸಂಖ್ಯೆಯ ಮಾಡ್ಯೂಲ್ ಮೇಂಟೆನೆನ್ಸ್ ಪ್ರಾಕ್ಟೀಸಸ್, ಅದರಲ್ಲಿ ಎರಡು ಸಲ ಬಿದ್ದೆ. ಟಿಕ್ ಹಾಕುವ ಪ್ರಶ್ನೆಗಳಲ್ಲಿ ಪಾಸಾದರೂ ವಾಕ್ಯಗಳಲ್ಲಿ ಬರೆಯಬೇಕಾದ ಪ್ರಬಂಧದಲ್ಲಿ ಅಂಕ ಸಾಲಲಿಲ್ಲ. ಕಾಲೇಜಿನಲ್ಲಿ ಹಳೆಯ ಪ್ರಶ್ನೆಗಳ ಕಟ್ಟು ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದರು, ಆದರೆ ಬರೆಯುವ ಅಭ್ಯಾಸ ಮಾಡಿಸಲೇ ಇಲ್ಲ.

ಕೋರ್ಸ್ ಮುಗಿದ ಮೇಲೆ ಕಾಲೇಜಿನವರು ‘ಪ್ಲೇಸ್‌ಮೆಂಟ್’ ಎಂದು ಕೊಡಿಸಿದ್ದು ಸಾಮಾನು ಏರಿಸಿ ಇಳಿಸುವ ಕಂಪನಿಯ ಕೆಲಸ. ಒಂದು ವರ್ಷಕ್ಕೂ ಹೆಚ್ಚು ಕಾಲ ವಿಮಾನದ ಹೊಟ್ಟೆಯಡಿಯಲ್ಲೇ ಇದ್ದೆ, ಅದೂ ಅನುಭವಕ್ಕೆ ಸೇರುತ್ತದೆ ಎಂದುಕೊಂಡಿದ್ದೆ. ಅನುಭವವನ್ನು ದಾಖಲಿಸುವ ಲಾಗ್‌ಬುಕ್‌ನಲ್ಲಿ ಬರೆಯಲು ಅಲ್ಲಿ ಒಂದು ಸಾಲೂ ಇರಲಿಲ್ಲ. ಈಗ ಒಂದು ಹ್ಯಾಂಗರಿನಲ್ಲಿ ಟೆಕ್ನಿಷಿಯನ್ ಆಗಿ ಸೇರಿದ್ದೇನೆ, ಹೊಸದಾಗಿ ಲೆಕ್ಕ ಶುರುವಾಗಿದೆ.

ಸರ್, ಒಂದು ಪ್ರಶ್ನೆ. ನನ್ನ ಪುಸ್ತಕದಲ್ಲಿ ‘ದೈನಂದಿನ ತಪಾಸಣೆಯಲ್ಲಿ ಸಹಾಯ’ ಎಂಬ ಸಾಲುಗಳೇ ಪುಟಗಟ್ಟಲೆ ಇವೆ. ಇದರಿಂದ ತೊಂದರೆಯಾಗುತ್ತದೆಯೇ?

ರಾತ್ರಿಪಾಳಿ_ಬಿ1 (ದೇವನಹಳ್ಳಿ, ಊರು ಚಿಂತಾಮಣಿ)

ಆಗುತ್ತದೆ ತಮ್ಮ. ಬರೀ ದಿನಗಳ ಲೆಕ್ಕ ಸಾಲುವುದಿಲ್ಲ, ಬೇರೆ ಬೇರೆ ಬಗೆಯ ಕೆಲಸ ಮಾಡಿರುವುದು ಕಾಣಬೇಕು ಎಂಬುದೇ ನಿಯಮದ ಆಶಯ. ಒಂದು ಸಾಲು ಹೇಗಿರಬೇಕೆಂದರೆ: ದಿನಾಂಕ, ವಿಮಾನದ ಮಾದರಿ, ವಿಟಿಯಿಂದ ಶುರುವಾಗುವ ಅದರ ನೋಂದಣಿ ಗುರುತು, ವಿಮಾನದ ಯಾವ ವ್ಯವಸ್ಥೆಯ ಕೆಲಸವೆಂದು ತೋರಿಸುವ ಎಟಿಎ ಅಧ್ಯಾಯದ ಸಂಖ್ಯೆ, ವರ್ಕ್ ಆರ್ಡರ್ ಅಥವಾ ಟೆಕ್ ಲಾಗ್ ಸಂಖ್ಯೆ, ನೀನು ಕೈಯಾರೆ ಮಾಡಿದ್ದೇನು, ಕೊನೆಗೆ ಮೇಲ್ವಿಚಾರಣೆ ಮಾಡಿದವರ ಸಹಿ ಮತ್ತು ಲೈಸೆನ್ಸ್ ಸಂಖ್ಯೆ. ‘ಸಹಾಯ’ ಎಂದು ಬರೆಯುವ ಬದಲು ‘ಎಡಗಡೆಯ ಎರಡನೆಯ ಮುಖ್ಯ ಚಕ್ರ ಬಿಚ್ಚಿ ಬೇರೆ ಕೂರಿಸಿದ್ದು, ಟಾರ್ಕ್ ಕೊಟ್ಟಿದ್ದು’ ಎಂದು ಬರೆ. ನಿನ್ನ ಪುಟಗಳ ಅಂಚಿನಲ್ಲಿ ಅಧ್ಯಾಯಗಳನ್ನು ಎಣಿಸಿ ನೋಡು. ಬರೀ 32, ಅಂದರೆ ಲ್ಯಾಂಡಿಂಗ್ ಗೇರ್ ಕೆಲಸವೇ ತುಂಬಿದ್ದು, ಹೈಡ್ರಾಲಿಕ್ಸ್‌ನ 29, ವಿದ್ಯುತ್ತಿನ 24, ಹಾರಾಟ ನಿಯಂತ್ರಣದ 27 ಎಲ್ಲೂ ಇಲ್ಲದಿದ್ದರೆ ನಿನ್ನ ಶಿಫ್ಟಿನ ಮುಖ್ಯಸ್ಥರನ್ನು ಕೇಳಿಕೊಂಡು ಒಂದಷ್ಟು ತಿಂಗಳು ವಿಮಾನವನ್ನು ಬಿಚ್ಚಿ ದೊಡ್ಡ ತಪಾಸಣೆ ಮಾಡುವ ಬೇಸ್ ಮೇಂಟೆನೆನ್ಸ್ ಕಡೆ ಹಾಕಿಸಿಕೋ.

ಇನ್ನೊಂದು ಮಾತು. ಆಯಾ ದಿನದ್ದನ್ನು ಆಯಾ ದಿನವೇ ಬರೆದು ಸಹಿ ಹಾಕಿಸಿಕೋ. ವರ್ಷದ ಕೊನೆಗೆ ಕುಳಿತು ನೆನಪಿನಿಂದ ತುಂಬಿಸುವವರನ್ನು ನೋಡಿದ್ದೇನೆ. ವಿಮಾನದ ನೋಂದಣಿ ಗುರುತನ್ನು ಆ ದಿನದ ದಾಖಲೆಗೆ ಹೋಲಿಸಿದರೆ, ಆ ವಿಮಾನ ಅವತ್ತು ಬೆಂಗಳೂರಿಗೆ ಬಂದೇ ಇರಲಿಲ್ಲ ಎಂಬುದು ಬಯಲಾಗುತ್ತದೆ. ಹಾಗಾದರೆ ಒಂದು ಸಾಲಿನ ಮೇಲಿನ ಅನುಮಾನ ಇಡೀ ಪುಸ್ತಕಕ್ಕೆ ಹರಡುತ್ತದೆ.

ಪ್ರಬಂಧಕ್ಕೆ ಒಂದು ಉಪಾಯ ಇದೆ. ನಿನ್ನ ಹ್ಯಾಂಗರಿನ ಟಾಸ್ಕ್ ಕಾರ್ಡ್ ಒಂದನ್ನು ಓದಿ, ಮುಚ್ಚಿಟ್ಟು, ಇಪ್ಪತ್ತು ನಿಮಿಷದಲ್ಲಿ ಅದೇ ಕೆಲಸವನ್ನು ನಿನ್ನ ವಾಕ್ಯಗಳಲ್ಲಿ ಬರೆ. ಮುಂಜಾಗ್ರತೆ, ಉಪಕರಣ, ಕ್ರಮ, ಕೊನೆಯ ಪರೀಕ್ಷೆ, ದಾಖಲೆ ಈ ಸಾಲು ತಪ್ಪಬಾರದು. ವ್ಯಾಕರಣಕ್ಕಿಂತ ಅದನ್ನೇ ನೋಡುತ್ತಾರೆ.

ವಾಯುಪಡೆ_ನಿವೃತ್ತ (ಗೌರಿಬಿದನೂರು)

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿ ಪೂರ್ಣ ಅವಧಿ ಸೇವೆ ಮಾಡಿ ಬಂದವನು. ನಮ್ಮದು ತಯಾರಿಕೆಯಲ್ಲ, ಅಪ್ಪಟ ನಿರ್ವಹಣೆ. ಆದರೂ ನಾಗರಿಕ ಲೈಸೆನ್ಸಿಗೆ ಹೋದಾಗ, ಮಿಲಿಟರಿ ಅನುಭವವನ್ನು ಒಪ್ಪಿಕೊಂಡರೂ ಅದರ ಮೇಲೆ ಒಂದು ವರ್ಷ ನಾಗರಿಕ ವಿಮಾನಗಳ ಮೇಲೆ ಕೆಲಸ ಮಾಡಲೇಬೇಕು ಎಂದರು. ನಲವತ್ತು ದಾಟಿದ ಮೇಲೆ ಇಪ್ಪತ್ತೆರಡರ ಹುಡುಗರ ಜೊತೆ ಟ್ರೇನಿ ಸಂಬಳಕ್ಕೆ ಟೂಲ್‌ಬಾಕ್ಸ್ ಎತ್ತಿಕೊಂಡು ಹೋಗುವುದು ಅಷ್ಟು ಸುಲಭವಲ್ಲ. ಗುಬ್ಬಿಯವರಿಗೆ ಒಂದು ಮಾತು: ನನ್ನ ಅನುಭವಕ್ಕೇ ಇಷ್ಟು ಕಟ್ಟುಪಾಡು ಇರುವಾಗ ಕಾರ್ಖಾನೆಯ ಅನುಭವವನ್ನು ನಂಬಿ ಕೂರಬೇಡಿ.

ಆದರೆ ರಾತ್ರಿಪಾಳಿಯವರ ಒಂದು ಮಾತಿಗೆ ನನ್ನ ತಕರಾರಿದೆ. ಅವರು ಬಿ1.1 ಒಂದೇ ದಾರಿ ಎಂಬಂತೆ ಬರೆಯುತ್ತಿದ್ದಾರೆ. ಆ ಸಂಸ್ಥೆಗೆ ಬಿ2 ಅನುಮೋದನೆ ನಿಜವಾಗಿ ಇದ್ದರೆ ಹುಡುಗ ಅದನ್ನೇ ಏಕೆ ಮಾಡಬಾರದು? ಈಗಿನ ವಿಮಾನಗಳಲ್ಲಿ ಕೆಡುವುದರಲ್ಲಿ ಬಹುಪಾಲು ಕಂಪ್ಯೂಟರ್, ಸೆನ್ಸರ್, ವೈರಿಂಗ್. ಅವೆಲ್ಲ ಬಿ2 ಕೆಲಸ. ಬಿ2 ಓದುವ ಹುಡುಗರೂ ಕಡಿಮೆ.

ರಾತ್ರಿಪಾಳಿ_ಬಿ1 (ದೇವನಹಳ್ಳಿ, ಊರು ಚಿಂತಾಮಣಿ)

ಸರ್, ನಾನು ಬಿ1 ಆದ್ದರಿಂದ ಆ ಕಡೆ ಸ್ವಲ್ಪ ವಾಲುತ್ತೇನೆ, ನಿಜ. ಬಿ2ಕ್ಕೆ ಒಟ್ಟು 12 ಮಾಡ್ಯೂಲ್‌ಗಳು, ಎಂಜಿನ್ನಿನ ಭಾರ ಕಡಿಮೆ. ಆದರೆ ಎಲೆಕ್ಟ್ರಾನಿಕ್ಸನ್ನು ಇನ್ನೂ ಆಳವಾಗಿ ಓದಬೇಕು. ನನ್ನ ವಾದ ಇಷ್ಟೇ. ಲೈನ್‌ನಲ್ಲಿ ವಿಮಾನಗಳನ್ನು ಬಿಟ್ಟುಕೊಡಲು ಹೆಚ್ಚಾಗಿ ಬೇಕಾಗುವುದು ಬಿ1 ಸಹಿ. ದೋಷ ಎಲ್ಲಿದೆ ಎಂದು ಹುಡುಕುವ ಅಗತ್ಯವಿಲ್ಲದ, ಏವಿಯಾನಿಕ್ಸ್ ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್‌ನ ಸರಳ ಪರೀಕ್ಷೆಗಳಿಗೂ ಬಿ1 ಸಹಿ ಹಾಕಬಹುದು. ಹೀಗಾಗಿ ಒಂದು ಪಾಳಿಗೆ ನಾಲ್ಕೈದು ಬಿ1 ಇದ್ದರೆ ಬಿ2 ಒಬ್ಬರೋ ಇಬ್ಬರೋ ಇರುತ್ತಾರೆ. ಜನ ಕಡಿಮೆ ಇದ್ದಾರೆ, ಜಾಗವೂ ಕಡಿಮೆ ಇದೆ.

ವಾಯುಪಡೆ_ನಿವೃತ್ತ (ಗೌರಿಬಿದನೂರು)

ಒಬ್ಬನೇ ಇರುವ ಪಾಳಿಯಲ್ಲಿ ಅವನು ರಜೆ ಹಾಕಿದ ದಿನ ಅವನ ಬೆಲೆ ಗೊತ್ತಾಗುತ್ತದೆ. ನನ್ನ ಮಾತು ನನಗೆ, ನಿಮ್ಮ ಮಾತು ನಿಮಗೆ ಇರಲಿ. ಹುಡುಗನಿಗೆ ಕೈ ಹೋಗುವುದು ಸ್ಪ್ಯಾನರಿಗೋ ಮಲ್ಟಿಮೀಟರಿಗೋ ಎಂದು ಅವರ ಮನೆಯವರೇ ನೋಡಲಿ.

ಲೇತ್_ಗುಬ್ಬಿ (ತುಮಕೂರು)

ಸ್ನೇಹಿತರಿಬ್ಬರಿಗೂ ಈ ಚರ್ಚೆಯ ಕೊಂಡಿ ಕಳಿಸಿದ್ದೇನೆ. ಒಬ್ಬ ಒಪ್ಪಿದ. ಇನ್ನೊಬ್ಬ, ಹೆಲಿಕಾಪ್ಟರ್ ಲೈಸೆನ್ಸಿಗಾದರೂ ಆ ಅನುಭವ ನಡೆಯಲೇಬೇಕು ಎಂದು ವಾದ ಮಾಡುತ್ತಿದ್ದಾನೆ.

ರಾತ್ರಿಪಾಳಿ_ಬಿ1 (ದೇವನಹಳ್ಳಿ, ಊರು ಚಿಂತಾಮಣಿ)

ಹೆಲಿಕಾಪ್ಟರಿಗೆ ಬಿ1.3 ಎಂಬ ಉಪವರ್ಗ ಇದೆ, ಅಲ್ಲಿಯೂ ಕೇಳುವುದು ನಿರ್ವಹಣೆಯ ಅನುಭವವನ್ನೇ. ವಾದ ಮಾಡುವ ಬದಲು, ತಾನು ಮಾಡಿದ ಕೆಲಸಗಳ ಪಟ್ಟಿ ಇಟ್ಟುಕೊಂಡು ಡಿಜಿಸಿಎ ಬೆಂಗಳೂರು ಕಚೇರಿಗೆ ಲಿಖಿತವಾಗಿ ಕೇಳಲಿ. ಬಾಯಿಮಾತಿನ ಉತ್ತರ ಮುಂದೆ ಅರ್ಜಿಯ ದಿನ ನಿಲ್ಲುವುದಿಲ್ಲ.

ಹಿಪ್ಪುನೇರಳೆ_ತೋಟ (ಶಿಡ್ಲಘಟ್ಟ)

ಎಲ್ಲರಿಗೂ ಕೃತಜ್ಞತೆಗಳು. ಆ ಸಂಸ್ಥೆಗೆ ಮೊದಲ ಕಂತು ಕಟ್ಟುತ್ತಿಲ್ಲ. ಡಿಜಿಸಿಎ ಪಟ್ಟಿಯಲ್ಲಿ ಬೆಂಗಳೂರಿನ ಸುತ್ತಮುತ್ತ ಇರುವ ಬೇರೆ ಸಂಸ್ಥೆಗಳ ಹೆಸರು ಬರೆದುಕೊಂಡಿದ್ದೇವೆ. ಪ್ರತಿಯೊಂದರಲ್ಲೂ ಅನುಮೋದನಾ ಪಟ್ಟಿಯ ಪ್ರತಿ ಕೇಳುತ್ತೇವೆ, ಹ್ಯಾಂಗರ್ ತರಬೇತಿಯ ಒಪ್ಪಂದ ಯಾರ ಜೊತೆ ಎಂಬುದನ್ನು ಕಾಗದದಲ್ಲೇ ತೋರಿಸಿ ಎನ್ನುತ್ತೇವೆ. ಹುಡುಗ ಬಿ2 ಎನ್ನುತ್ತಿದ್ದಾನೆ, ಮನೆಯ ಮೋಟಾರ್ ಸ್ಟಾರ್ಟರ್ ಬಿಚ್ಚಿ ಜೋಡಿಸುವುದು ಅವನೇ. ನನ್ನ ತಮ್ಮ ಇನ್ನೂ ಬಿ1.1 ಕಡೆಗೇ ಇದ್ದಾನೆ.

ಒಂದು ಕೊನೆಯ ಪ್ರಶ್ನೆ ಇದೆ ಸರ್. ಆ ಸಂಸ್ಥೆಗಳ ಹಳೆಯ ವಿದ್ಯಾರ್ಥಿಗಳು ಸಿಕ್ಕರೆ ಅವರನ್ನು ಏನೆಂದು ಕೇಳಬೇಕು?

ಬಾಗೇಪಲ್ಲಿ_ಹುಡುಗ (ಬಾಗೇಪಲ್ಲಿ)

ಇದಕ್ಕೆ ನಾನೇ ಹೇಳುತ್ತೇನೆ ಅಣ್ಣ. ಕೆಲಸ ಸಿಕ್ಕಿತೇ ಎಂದು ಕೇಳಬೇಡಿ, ನನ್ನಂಥವನೂ ಹೌದು ಎನ್ನುತ್ತಿದ್ದೆ. ನಿಮ್ಮ ತಂಡದಲ್ಲಿ ಡಿಜಿಸಿಎ ಪರೀಕ್ಷೆಯ ಎಲ್ಲ ಮಾಡ್ಯೂಲ್ ಮುಗಿಸಿದವರು ಎಷ್ಟು ಜನ, ಲಾಗ್‌ಬುಕ್‌ಗೆ ಮೊದಲ ಸಹಿ ಬಿದ್ದದ್ದು ಕೋರ್ಸ್ ಮುಗಿದ ಎಷ್ಟು ತಿಂಗಳಿಗೆ ಎಂದು ಕೇಳಿ.